ಕೂಪನ್ ಮೊದಲೇ ಹಂಚಿದೆ, ಕ್ಯಾಶ್‌ಬ್ಯಾಕ್ ಕೊನೆಗೆ ಲೆಕ್ಕ ಹಾಕಿದೆ: ರಿಟರ್ನ್ ಲೆಕ್ಕ ತಾಳೆಯಾದ ಬಗೆ

ಆನ್‌ಲೈನ್ ಅಂಗಡಿಯ ರೀಫಂಡ್ ಲೆಕ್ಕ ನೋಡಿಕೊಳ್ಳುವವರನ್ನೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕಾಡಿರುತ್ತದೆ. ಮೂರು ವಸ್ತು ತಗೊಂಡು ಕೂಪನ್ ಹಾಕಿದವರು ಒಂದನ್ನು ಮಾತ್ರ ವಾಪಸ್ ಕೊಟ್ಟರೆ ಎಷ್ಟು ಹಣ ಕೊಡಬೇಕು? ನಾನು ಹಿಡಿದ ದಾರಿ ಬೇಡ ಅಂದವರೇ ನಮ್ಮಲ್ಲಿ ಜಾಸ್ತಿ. ಮಾರ್ಕೆಟಿಂಗ್‌ನವರಿಗೆ ಇಷ್ಟ ಇರಲಿಲ್ಲ, ಅಕೌಂಟೆಂಟ್‌ಗೆ ನಂಬಿಕೆ ಇರಲಿಲ್ಲ. ಈಗ ವರ್ಷದ ಮೇಲಾಯಿತು. ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗುತ್ತಿದೆ, ರೀಫಂಡ್ ಜಗಳಗಳು ಹೆಚ್ಚುಕಮ್ಮಿ ಮೂರನೇ ಒಂದು ಭಾಗಕ್ಕೆ ಇಳಿದಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಆರ್ಡರ್ ಇಟ್ಟುಕೊಂಡು ಹೇಳುತ್ತೇನೆ. ಮೂರು ವಸ್ತುಗಳು: 999, 699 ಮತ್ತು 302. ಒಟ್ಟು 2000. ಎರಡು ಸಾವಿರ ತುಂಬಿದರೆ 500 ಕಡಿಮೆ ಮಾಡುವ ಕೂಪನ್. ಗ್ರಾಹಕರು ಕೊಟ್ಟಿದ್ದು 1500.

ನಾನು ಈ ಕೆಲಸಕ್ಕೆ ಬಂದಾಗ ಇದ್ದ ಪದ್ಧತಿಯಲ್ಲಿ, ವಾಪಸ್ ಬಂದ ವಸ್ತುವಿನ ಪೂರ್ತಿ ಬೆಲೆ ಕೊಡುತ್ತಿದ್ದರು. 699ರ ವಸ್ತು ಬಂದರೆ 699. ಗ್ರಾಹಕರು ಖುಷಿಯಾಗಿರುತ್ತಿದ್ದರು. ಆದರೆ ಮೂರನ್ನೂ ಬೇರೆ ಬೇರೆ ದಿನ ಒಂದೊಂದಾಗಿ ವಾಪಸ್ ಮಾಡಿದವರಿಗೆ ಸಿಗುತ್ತಿದ್ದುದು 2000. ಕೊಟ್ಟಿದ್ದು 1500, ಪಡೆದದ್ದು 2000. ಇದನ್ನು ಕಂಡುಕೊಂಡವರು ನಾಲ್ಕು ಜನ ಇದ್ದರೂ ಸಾಕು, ಆ ತಿಂಗಳ ಲಾಭ ಅಲ್ಲೇ ಸೋರಿಹೋಗುತ್ತದೆ. ಹೀಗೆ ಹೋದದ್ದು ಕೂಪನ್ ಖರ್ಚಿನ ಸುಮಾರು ಹತ್ತನೇ ಒಂದು ಪಾಲು ಇತ್ತು ಅಂತ ನೆನಪು.

ಅದಾದ ಮೇಲೆ ಬಂದದ್ದು 'ಮರುಲೆಕ್ಕ'. ಉಳಿದ ವಸ್ತುಗಳನ್ನೇ ಹೊಸ ಆರ್ಡರ್ ಅಂದುಕೊಂಡು ಕೂಪನ್ ಅನ್ವಯಿಸುತ್ತದಾ ನೋಡುವುದು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. 699ರದ್ದು ವಾಪಸ್ ಬಂತು ಅನ್ನಿ. ಉಳಿದದ್ದು 1301, ಎರಡು ಸಾವಿರ ತುಂಬಲಿಲ್ಲ, ಕೂಪನ್ ರದ್ದು. 1500ರಲ್ಲಿ 1301 ಕಳೆದು 199 ಕೊಟ್ಟರು. 699ರ ವಸ್ತು ಕೊಟ್ಟು 199 ತಗೊಳ್ಳಿ ಅಂದರೆ ಯಾರು ಒಪ್ಪುತ್ತಾರೆ? ಇನ್ನೂ ಕೆಟ್ಟದ್ದು 302ರ ವಸ್ತುವಿನ ಕಥೆ. ಅದನ್ನು ವಾಪಸ್ ಕೊಟ್ಟರೆ ಉಳಿದದ್ದು 1698. 1500ರಲ್ಲಿ 1698 ಕಳೆದರೆ ಮೈನಸ್ 198. ಅಂದರೆ ವಸ್ತುವನ್ನೂ ಕೊಟ್ಟು, ಮೇಲೆ 198 ಹಣವನ್ನೂ ಗ್ರಾಹಕರೇ ಕೊಡಬೇಕು. ಸಿಸ್ಟಮ್ ಅದನ್ನು ಸೊನ್ನೆ ಅಂತ ತೋರಿಸುತ್ತಿತ್ತು. ವಸ್ತು ಗೋದಾಮಿಗೆ ಬಂದಿದೆ, ರೀಫಂಡ್ ಸೊನ್ನೆ. ಫೋನ್ ಎತ್ತುತ್ತಿದ್ದ ಹುಡುಗಿಯರಿಗೆ ಏನು ಉತ್ತರ ಕೊಡಬೇಕು ಅಂತಲೇ ತಿಳಿಯುತ್ತಿರಲಿಲ್ಲ.

ನಾನು ಮಾಡಿದ್ದು ಇಷ್ಟೇ. ಆರ್ಡರ್ ಆದ ಕ್ಷಣದಲ್ಲೇ 500ನ್ನು ಮೂರೂ ವಸ್ತುಗಳ ಮೇಲೆ ಬೆಲೆಯ ಪ್ರಮಾಣದಲ್ಲಿ ಹಂಚಿ, ಆ ಪಾಲನ್ನು ಪ್ರತಿ ವಸ್ತುವಿನ ಸಾಲಿನಲ್ಲೇ ಬರೆದಿಟ್ಟೆ. ಆಮೇಲೆ ಏನೇ ಆಗಲಿ, ಆ ಅಂಕಿ ಬದಲಾಗುವುದಿಲ್ಲ. ಕೂಪನ್ ಅವಧಿ ಮುಗಿದರೂ, ಬೆಲೆ ಬದಲಾದರೂ, ಕೂಪನ್ನನ್ನೇ ಅಳಿಸಿದರೂ ಸರಿ. ಇಲ್ಲಿ ರಿಯಾಯಿತಿ ಕಾಲು ಭಾಗ. 699ರದ್ದರ ಪಾಲು 174.75, ಆದ್ದರಿಂದ ರೀಫಂಡ್ 524.25. 302ರದ್ದಕ್ಕೆ 226.50. 999ರದ್ದಕ್ಕೆ 749.25. ಮೂರನ್ನೂ ಕೂಡಿಸಿ ನೋಡಿ, ಸರಿಯಾಗಿ 1500. ಯಾವ ಕ್ರಮದಲ್ಲಿ ವಾಪಸ್ ಬಂದರೂ ಒಟ್ಟು ಅಷ್ಟೇ.

ಇದರಲ್ಲಿ ಕೈಕೊಟ್ಟಿದ್ದು ಚಿಲ್ಲರೆ. ಒಂದೇ ಬೆಲೆಯ ಮೂರು ವಸ್ತುಗಳ ಮೇಲೆ 100ರ ಕೂಪನ್ ಹಂಚಿದರೆ 33.33 ಮೂರು ಸಲ, ಒಟ್ಟು 99.99. ಆ 0.01 ಎಲ್ಲಿ ಹೋಯಿತು? ಒಂದು ಆರ್ಡರ್‌ನಲ್ಲಿ ಇದು ಏನೂ ಅಲ್ಲ. ಆದರೆ ತಿಂಗಳ ಲೆಕ್ಕದಲ್ಲಿ ಸಾವಿರಾರು ಸಾಲುಗಳು ತಾಳೆಯಾಗದೆ ಕೆಂಪಾಗಿ ಕಾಣುತ್ತವೆ, ನಿಜವಾದ ತಪ್ಪು ಅವುಗಳ ಮಧ್ಯೆ ಅಡಗಿಬಿಡುತ್ತದೆ. ದಶಮಾಂಶ ಬಿಟ್ಟು ಎಲ್ಲವನ್ನೂ ನೂರರಿಂದ ಗುಣಿಸಿ ಪೂರ್ಣ ಸಂಖ್ಯೆಯಲ್ಲೇ ಇಟ್ಟೆ. ಕೊನೆಯ ಸಾಲು ಉಳಿದದ್ದನ್ನೆಲ್ಲ ಹೊರುತ್ತದೆ:

```
share = (coupon * price) // total
last_share = coupon - sum(other_shares)
```

ಇನ್ನೊಂದು ಮಾತು. ಒಂದೇ ಸಾಲಿನಲ್ಲಿ ಮೂರು ನಗ ಇದ್ದರೆ ಸಾಲಿಗೆ ಹಂಚಿದರೆ ಸಾಲದು, ನಗಕ್ಕೆ ಹಂಚಬೇಕು. ಇಲ್ಲದಿದ್ದರೆ ಎರಡು ನಗ ವಾಪಸ್ ಬಂದಾಗ ಅದೇ ಭಾಗಾಕಾರ ಮತ್ತೆ ಮಾಡಬೇಕಾಗುತ್ತದೆ, ಅದೇ ಚಿಲ್ಲರೆ ಮತ್ತೆ ಕಾಡುತ್ತದೆ.

ವಿರೋಧ ಬಂದದ್ದು ಬೇರೆ ಕಡೆಯಿಂದ. ನಮ್ಮ ಅಕೌಂಟೆಂಟ್ ಹೇಳಿದರು: "ಸಾರ್, ಎರಡು ಸಾವಿರ ತುಂಬಿಸೋಕೆ ಬೇಡದ ವಸ್ತು ಒಂದು ಸೇರಿಸ್ತಾರೆ, ಆಮೇಲೆ ಅದನ್ನ ವಾಪಸ್ ಮಾಡ್ತಾರೆ. ಆಗ ಏನ್ ಮಾಡ್ತೀರಾ?" ಅವರು ಹೇಳಿದ್ದು ನಿಜ. 302ರದ್ದು ವಾಪಸ್ ಕೊಟ್ಟವರ ಬಳಿ 1698ರ ವಸ್ತು ಉಳಿಯುತ್ತದೆ, ಕೊಟ್ಟಿದ್ದು 1273.50. ಎರಡು ಸಾವಿರ ತುಂಬದೆಯೇ 424.50 ರಿಯಾಯಿತಿ ಸಿಕ್ಕಿತು. ನಾನು ಕೆಲವು ತಿಂಗಳ ಹಳೆಯ ರಿಟರ್ನ್‌ಗಳನ್ನು ತೆಗೆದು ಎಣಿಸಿದೆ. ಮಿತಿಗಿಂತ ಕೆಳಗೆ ಬಿದ್ದ ಆರ್ಡರ್‌ಗಳು ಬಹಳ ಇದ್ದವು. ಆದರೆ ಅವುಗಳಲ್ಲಿ ಹೆಚ್ಚಿನವು ಅಳತೆ ಸರಿಯಿಲ್ಲ, ಬಣ್ಣ ಬೇರೆ, ಒಡೆದು ಬಂತು ಅನ್ನುವಂಥವೇ. ಬೇಕೆಂದೇ ಮಾಡಿದ್ದು ಅನಿಸಿದ್ದು ನೂರಕ್ಕೆ ಮೂರೋ ನಾಲ್ಕೋ. ಆ ಮೂರು ನಾಲ್ಕು ಜನರಿಗಾಗಿ ಉಳಿದವರನ್ನೆಲ್ಲ ಸೊನ್ನೆ ರೀಫಂಡ್ ಕೊಟ್ಟು ಕಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಬೇಕೆಂದೇ ಮಾಡುವವರನ್ನು ಗುರುತಿಸಲು ನನ್ನದೊಂದು ಗುರುತು ಇದೆ. ಅದನ್ನು ಇಲ್ಲಿ ಬರೆದರೆ ನಾಳೆಯೇ ಕೆಲಸ ಮಾಡುವುದು ನಿಲ್ಲಿಸುತ್ತದೆ, ಆದ್ದರಿಂದ ಬಿಡುತ್ತೇನೆ. ಸಿಕ್ಕವರಿಗೆ ರೀಫಂಡ್ ತಡೆಯುವುದಿಲ್ಲ. ಮುಂದಿನ ಕೂಪನ್ ಹೋಗುವುದಿಲ್ಲ, ಅಷ್ಟೇ.

ನಡುವೆ ಒಂದು ಪ್ರಯೋಗವನ್ನೂ ಮಾಡಿ ನೋಡಿದೆ. ರಿಯಾಯಿತಿಯ ಹೆಚ್ಚು ಪಾಲನ್ನು ಸಾಮಾನ್ಯವಾಗಿ ವಾಪಸ್ ಬರುವ ವಸ್ತುವಿನ ಮೇಲೆ ಹೇರಿದರೆ ರೀಫಂಡ್ ಕಡಿಮೆಯಾಗುತ್ತದೆ, ಅಂಗಡಿಗೆ ಲಾಭ, ಅಲ್ವಾ? ಹಣ ಸ್ವಲ್ಪ ಉಳಿಯಿತು. ಆದರೆ ಬಿಲ್ಲಿನಲ್ಲಿ ಒಂದೇ ಕೂಪನ್ ಒಂದು ವಸ್ತುವಿಗೆ ನಲವತ್ತು ಪರ್ಸೆಂಟ್, ಇನ್ನೊಂದಕ್ಕೆ ಹದಿನೈದು ಅಂತ ಕಾಣುವುದನ್ನು ಯಾರಿಗೂ ವಿವರಿಸಲು ಆಗುತ್ತಿರಲಿಲ್ಲ. ವಾರದೊಳಗೇ ಬಿಟ್ಟೆ. 'ಒಂದು ಕೊಂಡರೆ ಒಂದು ಉಚಿತ' ಆಫರ್‌ಗೂ ಬೆಲೆಯ ಪ್ರಮಾಣದ ಹಂಚಿಕೆಯೇ ಚೆನ್ನಾಗಿ ಹೊಂದಿಕೊಂಡಿತು. ಉಚಿತದ ವಸ್ತು ಯಾವುದು ಅನ್ನುವ ಜಗಳವೇ ಇಲ್ಲ, ಬೆಲೆ ಒಂದೇ ಇದ್ದರೆ ಎರಡಕ್ಕೂ ಅರ್ಧರ್ಧ.

ಇನ್ನು ವ್ಯಾಲೆಟ್. ಆ 1500 ಬಂದದ್ದು ಹೀಗೆ ಅನ್ನಿ: 300 ನಾವೇ ಕೊಟ್ಟಿದ್ದ ಪ್ರೊಮೋ ಬ್ಯಾಲೆನ್ಸ್, 200 ಗ್ರಾಹಕರೇ ವ್ಯಾಲೆಟ್‌ಗೆ ಹಾಕಿಕೊಂಡ ಹಣ, 1000 ಕಾರ್ಡ್. ಸ್ಕ್ರೀನ್ ಮೇಲೆ ವ್ಯಾಲೆಟ್ ಒಂದೇ ಅಂಕಿಯಾಗಿ ಕಂಡರೂ ಒಳಗೆ ಎರಡು ಜೇಬು ಇರಲೇಬೇಕು. ಮೊದಲು ಒಂದೇ ಜೇಬು ಇತ್ತು. ಪ್ರೊಮೋ ಹಣದಿಂದ ಕೊಂಡು, ಕ್ಯಾನ್ಸಲ್ ಮಾಡಿ, ಬ್ಯಾಂಕಿಗೆ ಕಳಿಸಿ ಅಂತ ಕೇಳಿದರೆ ನಾವು ಹಂಚಿದ ಉಡುಗೊರೆ ನಗದಾಗಿ ಹೊರಗೆ ಹೋಗುತ್ತಿತ್ತು. ಈಗ ಬಂದ ದಾರಿಯಲ್ಲೇ, ಬಂದ ಪ್ರಮಾಣದಲ್ಲೇ ವಾಪಸ್. 524.25ರಲ್ಲಿ 104.85 ಪ್ರೊಮೋ ಜೇಬಿಗೆ, 69.90 ಸ್ವಂತ ಹಣದ ಜೇಬಿಗೆ, 349.50 ಕಾರ್ಡಿಗೆ. ಕಾರ್ಡಿನಿಂದ ಬಂದದ್ದಕ್ಕಿಂತ ಜಾಸ್ತಿ ಕಾರ್ಡಿಗೆ ಕಳಿಸಲು ಹೋದರೆ ಪೇಮೆಂಟ್ ಗೇಟ್‌ವೇ ಹೇಗೂ ತಿರಸ್ಕರಿಸುತ್ತದೆ. ಪ್ರತಿ ರೀಫಂಡ್ ವಿನಂತಿಗೂ ಬದಲಾಗದ ಒಂದು ಗುರುತು ಸಂಖ್ಯೆ ಕೊಡಿ. ನೆಟ್‌ವರ್ಕ್ ಕೈಕೊಟ್ಟು ಎರಡನೇ ಸಲ ಕಳಿಸಿದಾಗ ದುಡ್ಡು ಎರಡು ಸಲ ಹೋಗುವುದು ತಪ್ಪುತ್ತದೆ.

ಪ್ರೊಮೋ ಹಣಕ್ಕೆ ಗಡುವು ಇರುತ್ತದೆ. ಗ್ರಾಹಕರು ಗಡುವಿನ ಹಿಂದಿನ ದಿನ ಬಳಸಿದರು, ನಾವು ಸ್ಟಾಕ್ ಇಲ್ಲ ಅಂತ ಮೂರು ದಿನ ಬಿಟ್ಟು ಕ್ಯಾನ್ಸಲ್ ಮಾಡಿದೆವು. ಹಳೆಯ ಗಡುವಿನೊಂದಿಗೇ ವಾಪಸ್ ಹಾಕಿದರೆ ಜೇಬಿಗೆ ಬಿದ್ದ ಕ್ಷಣವೇ ಮಾಯ. ಇದು ಮೋಸ ಅಂತಲೇ ಗ್ರಾಹಕರಿಗೆ ಅನಿಸುತ್ತದೆ, ಅನಿಸಬೇಕಾದದ್ದೇ. ಹಣ ಆರ್ಡರ್‌ನಲ್ಲಿ ಸಿಕ್ಕಿಕೊಂಡಿದ್ದ ದಿನಗಳಷ್ಟನ್ನು ಗಡುವಿಗೆ ಸೇರಿಸಿದೆ, ಕಡಿಮೆ ಅಂದರೂ ಒಂದು ವಾರ ಸಿಗುವಂತೆ ಮಾಡಿದೆ. ಕೂಪನ್ ಕೋಡ್‌ಗೂ ಇದೇ ನ್ಯಾಯ. ಪೂರ್ತಿ ಆರ್ಡರ್ ಕ್ಯಾನ್ಸಲ್ ಆದರೆ ಕೋಡ್ ಮತ್ತೆ ಜೀವಂತ, ಒಂದು ವಸ್ತುವಾದರೂ ಉಳಿಸಿಕೊಂಡರೆ ಬಳಸಿದ ಹಾಗೆಯೇ.

ಕ್ಯಾಶ್‌ಬ್ಯಾಕ್‌ಗೆ ನಾನು ಉಲ್ಟಾ ದಾರಿ ಹಿಡಿದೆ. ಕೂಪನ್ ಮೊದಲೇ ಕೊಟ್ಟಾಗಿರುತ್ತದೆ, ಆದ್ದರಿಂದ ಹಂಚಿ ಮುಗಿಸಿಬಿಡಬೇಕು. ಕ್ಯಾಶ್‌ಬ್ಯಾಕ್ ಇನ್ನೂ ಕೊಟ್ಟಿಲ್ಲ, ಆದ್ದರಿಂದ ರಿಟರ್ನ್ ಅವಧಿ ಮುಗಿಯುವವರೆಗೆ ಕಾಯಬೇಕು. ಮೊದಲು ಡೆಲಿವರಿ ಆದ ಕೂಡಲೇ ವ್ಯಾಲೆಟ್‌ಗೆ ಹಾಕುತ್ತಿದ್ದರು. ಗ್ರಾಹಕರು ಅದನ್ನು ಇನ್ನೊಂದು ಆರ್ಡರ್‌ಗೆ ಖರ್ಚು ಮಾಡುತ್ತಿದ್ದರು, ಆಮೇಲೆ ಮೊದಲನೆಯದು ವಾಪಸ್ ಬರುತ್ತಿತ್ತು. ಹಿಂದೆ ತಗೊಳ್ಳೋಣ ಅಂದರೆ ವ್ಯಾಲೆಟ್ ಖಾಲಿ, ಬ್ಯಾಲೆನ್ಸ್ ಮೈನಸ್ 100. ಕೆಲವರು ಆ ಮೈನಸ್ ನೋಡಿ ಆ ಖಾತೆಯನ್ನೇ ಬಿಟ್ಟು ಹೋದರು.

"ತಡವಾಗಿ ಕೊಟ್ಟರೆ ಯಾರೂ ಕೊಳ್ಳಲ್ಲ" ಅಂತ ಮಾರ್ಕೆಟಿಂಗ್‌ನವರು ಪಟ್ಟು ಹಿಡಿದರು. ನಾನು ಒಂದು ಬದಲಾವಣೆ ಮಾಡಿದೆ: ಆರ್ಡರ್ ಆದ ಕೂಡಲೇ 'ಬರಲಿದೆ' ಅಂತ ಅಂಕಿ ಮತ್ತು ದಿನಾಂಕ ತೋರಿಸುವುದು, ದುಡ್ಡು ಮಾತ್ರ ರಿಟರ್ನ್ ಅವಧಿ ಮುಗಿದ ಮೇಲೆ. ಮಾರಾಟ ಕಣ್ಣಿಗೆ ಕಾಣುವಷ್ಟು ಇಳಿಯಲಿಲ್ಲ.

ಇಲ್ಲಿ ಪ್ರಮಾಣದ ಲೆಕ್ಕ ಹಾಕಬೇಡಿ, ಅದೇ ಮುಖ್ಯ. ಕೊಟ್ಟ ಹಣಕ್ಕೆ ಹತ್ತು ಪರ್ಸೆಂಟ್, ಹೆಚ್ಚೆಂದರೆ 100 ಅನ್ನುವ ಆಫರ್ ಇದೆ ಅನ್ನಿ. 1500ಕ್ಕೆ 150 ಆಗಬೇಕಿತ್ತು, ಮಿತಿಯಿಂದ 100. 524.25 ವಾಪಸ್ ಹೋದರೆ ಪ್ರಮಾಣದ ಲೆಕ್ಕದಲ್ಲಿ 34.95 ಕಡಿತ, ಉಳಿದದ್ದು 65.05. ಆದರೆ ಗ್ರಾಹಕರು ಇಟ್ಟುಕೊಂಡದ್ದು 975.75ರ ವಸ್ತು, ಅದಕ್ಕೆ ಹತ್ತು ಪರ್ಸೆಂಟ್ 97.57. ಮೊದಲೇ ಅಷ್ಟು ಹಣವನ್ನಷ್ಟೇ ಕೊಟ್ಟಿದ್ದರೂ ಅದೇ ಸಿಗುತ್ತಿತ್ತು. ಹಾಗಾಗಿ ಉಳಿಸಿಕೊಂಡದ್ದರ ಮೇಲೆ ಹೊಸದಾಗಿ ಲೆಕ್ಕ ಹಾಕಿ ಕೊಡುತ್ತೇನೆ. ಇದು ಬ್ಯಾಂಕಿನವರು ಕೊಡುವ ಕ್ಯಾಶ್‌ಬ್ಯಾಕ್‌ಗೆ ಅನ್ವಯಿಸುವುದಿಲ್ಲ. ಅದನ್ನು ಅವರು ಅವರ ಕಡೆ ಕಡಿತ ಮಾಡಿಕೊಳ್ಳುತ್ತಾರೆ, ಅಂಗಡಿಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಫೋನ್ ಎತ್ತುವವರಿಗೆ ಈ ವ್ಯತ್ಯಾಸ ಹೇಳಿಕೊಟ್ಟಿರಬೇಕು.

ಜಗಳ ಇಳಿದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹಂಚಿದ ಅಂಕಿ ಹೇಗೂ ಸಾಲಿನಲ್ಲಿ ಇತ್ತಲ್ಲ, ಆರ್ಡರ್ ಪುಟದಲ್ಲೇ ಪ್ರತಿ ವಸ್ತುವಿನ ಕೆಳಗೆ 'ವಾಪಸ್ ಕೊಟ್ಟರೆ ಸಿಗುವುದು: 524.25' ಅಂತ ಹಾಕಿಸಿದೆ. ರಿಟರ್ನ್ ಹೆಚ್ಚಾಗುತ್ತದೆ ಅಂತ ಹೆದರಿದ್ದರು, ಆಗಲಿಲ್ಲ. ಯಾಕೆ ಕಡಿಮೆ ಬಂತು ಅಂತ ಕೇಳುವ ಫೋನ್‌ಗಳು ಅರ್ಧಕ್ಕಿಂತ ಕೆಳಗೆ ಬಂದವು.

ಈಗ ಕೈಯಲ್ಲಿ ಇರುವುದು ಎಕ್ಸ್‌ಚೇಂಜ್. 699ರದ್ದು ಕೊಟ್ಟು 899ರದ್ದು ತಗೊಂಡರೆ ಹಳೆಯ 174.75ರ ಪಾಲನ್ನು ಹೊಸ ಸಾಲಿಗೆ ಹಾಗೇ ಸಾಗಿಸಿ, ವ್ಯತ್ಯಾಸ 200 ಮಾತ್ರ ಪಡೆಯುತ್ತಿದ್ದೇನೆ. ಮೇಲಿನ ಬೆಲೆಗೆ ಇದು ಸರಿಹೋಗಿದೆ. ಕಡಿಮೆ ಬೆಲೆಯದಕ್ಕೆ ಬದಲಾಯಿಸಿದಾಗ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಿ ನೋಡುತ್ತಿದ್ದೇನೆ, ಇನ್ನೆರಡು ತಿಂಗಳ ಲೆಕ್ಕ ಬಂದ ಮೇಲೆ ಅದನ್ನೂ ಬರೆಯುತ್ತೇನೆ.