ಸಂದರ್ಶನದ ಮರುದಿನ ನಿವೃತ್ತ ಸೇನಾಧಿಕಾರಿ ಬರೆಯಬೇಕಾದ ಮೇಲ್

ಹಾಸನದ ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದ್ದೇನೆ. ಅಡ್ಮಿನ್ ಮ್ಯಾನೇಜರ್ ಹುದ್ದೆಗೆ ಬಂದ ನಿವೃತ್ತ ಸೇನಾಧಿಕಾರಿಗಳಲ್ಲಿ ಹೆಚ್ಚಿನವರಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ಅವರು ಹೇಳಿದ್ದು ಮಾತ್ರ ಎದುರಿಗೆ ಕೂತವರಿಗೆ ಅರ್ಥವಾಗುತ್ತಿರಲಿಲ್ಲ. ಹಾಗೆ ಕೈತಪ್ಪಿದ ಉತ್ತರವನ್ನು ಸರಿಪಡಿಸಲು ಸಿಗುವ ಜಾಗ ಮರುದಿನದ ಮೇಲ್. ಅದನ್ನೂ ಎರಡು ಸಾಲು ಧನ್ಯವಾದದಲ್ಲಿ ಮುಗಿಸಿಬಿಡುತ್ತಾರೆ.

ಮೊದಲ ಕೆಲಸ ಸುಲಭ. ಸಂದರ್ಶನ ಮುಗಿಸಿ ಬಂದ ದಿನವೇ, ರಾತ್ರಿ ಮಲಗುವ ಮುಂಚೆ, ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಯಾವ ಉತ್ತರಕ್ಕೆ ಅವರು ಸುಮ್ಮನೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರೋ ಅದರ ಕೆಳಗೆ ಗೆರೆ ಎಳೆಯಿರಿ. ಮೇಲ್ ಬರೆಯಬೇಕಾದದ್ದು ಆ ಒಂದು ಉತ್ತರದ ಬಗ್ಗೆ.

ಎರಡನೆಯದು ಅನುವಾದ, ಅಂದರೆ ಸೇನೆಯ ಮಾತನ್ನು ಕಾರ್ಖಾನೆಯವರಿಗೆ ಅರ್ಥವಾಗುವ ಮಾತಿಗೆ ತರುವುದು. ಕೈಕೊಡುವುದು ಇಲ್ಲೇ, ಹಾಗಾಗಿ ನಾನು ಕಂಡ ಒಂದು ಪ್ರಸಂಗವನ್ನೇ ಹೇಳುತ್ತೇನೆ. ಸಕಲೇಶಪುರ ಕಡೆಯ ಲೆಫ್ಟಿನೆಂಟ್ ಕರ್ನಲ್ ಒಬ್ಬರನ್ನು ಸಂದರ್ಶನದಲ್ಲಿ ಕೇಳಿದರು: ‘ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದರೆ ಕ್ಯಾಂಟೀನ್ ಹೇಗೆ ನಡೆಸ್ತೀರಿ?’ ಇವರು ಖುಷಿಯಿಂದ, ‘ಸರ್, ಕ್ವಾರ್ಟರ್‌ಮಾಸ್ಟರ್ ಆಗಿದ್ದಾಗ ಅಡ್ವಾನ್ಸ್ ವಿಂಟರ್ ಸ್ಟಾಕಿಂಗ್ ಮಾಡಿದ್ದೇನೆ’ ಎಂದರು. ಲಡಾಖಿನಂಥ ಕಡೆ ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ತಿಂಗಳುಗಟ್ಟಲೆ ದಿನಸಿ, ಸೀಮೆಎಣ್ಣೆ ಕೂಡಿಡುವ ಕೆಲಸ ಅದು. ಅದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ. ಕ್ವಾರ್ಟರ್‌ಮಾಸ್ಟರ್ ಎಂದರೆ ಇಡೀ ಘಟಕದ ಪೂರೈಕೆಯ ಹೊಣೆ ಹೊತ್ತ ಅಧಿಕಾರಿ. ಎದುರಿಗಿದ್ದವರು ಮಾತ್ರ ಸ್ಟೋರ್‌ಕೀಪರ್ ಎಂದುಕೊಂಡರು.

ಮೇಲ್ ಬರೆಯಲು ಅವರು ನನ್ನ ಹತ್ತಿರ ಬಂದಾಗ ಸೇನೆಯ ಪದವಿ, ಸಂಕ್ಷೇಪಾಕ್ಷರ ಎಲ್ಲ ತೆಗೆಸಿದೆ. ಆಮೇಲೆ ನಾಲ್ಕು ಪ್ರಶ್ನೆ ಕೇಳಿದೆ. ಎಷ್ಟು ಜನರಿಗೆ? ಎಷ್ಟು ದಿನಕ್ಕೆ? ಲೆಕ್ಕ ಹಾಕಿದ್ದು ಹೇಗೆ? ಏನು ಕೆಟ್ಟಿತು? ನಾಲ್ಕನೆಯದಕ್ಕೆ ಅವರು ಹಿಂಜರಿದರು. ನಾನು ಬಿಡಲಿಲ್ಲ, ನೇಮಿಸಿಕೊಳ್ಳುವವರು ನಂಬುವುದು ಅದನ್ನೇ. ಮೇಲ್ ಇಂಗ್ಲಿಷಿನಲ್ಲಿ ಹೋಯಿತು, ಅದರ ತಿರುಳು ಇಷ್ಟು:

‘ನಿನ್ನೆ ಶಿರಾಡಿ ಬಂದ್ ಆದರೆ ಏನು ಮಾಡ್ತೀರಿ ಎಂದು ಕೇಳಿದ್ದಿರಿ. ನನ್ನ ಉತ್ತರ ಸ್ಪಷ್ಟವಾಗಿರಲಿಲ್ಲ. ಆರು ತಿಂಗಳು ದಾರಿ ಮುಚ್ಚುವ ಜಾಗದಲ್ಲಿ ಕೆಲವು ನೂರು ಜನರ ಊಟ, ಇಂಧನದ ಹೊಣೆ ನನ್ನದಾಗಿತ್ತು. ದಿನದ ಖರ್ಚನ್ನು ದಿನಗಳಿಂದ ಗುಣಿಸಿ, ಹಾಳಾಗುವುದಕ್ಕೆಂದು ಸ್ವಲ್ಪ ಹೆಚ್ಚಿಗೆ ಸೇರಿಸಿ ತರಿಸುತ್ತಿದ್ದೆ. ಮೊದಲು ಬಂದ ಮೂಟೆ ಮೊದಲು ಖರ್ಚಾಗುತ್ತಿತ್ತು. ಪ್ರತಿ ತಿಂಗಳು ದಾಸ್ತಾನು ಎಣಿಸುವವರು ಉಗ್ರಾಣದವರಲ್ಲ, ಬೇರೆಯವರು. ಒಂದು ವರ್ಷ ಗೋಡೆಗೆ ಒತ್ತಿಟ್ಟಿದ್ದ ಗೋಧಿಹಿಟ್ಟಿನ ಚೀಲಗಳು ಒದ್ದೆಯಾದವು. ಅಂದಿನಿಂದ ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ ಜೋಡಿಸಿಡುವಂತೆ ಮಾಡಿದೆ. ನಿಮ್ಮ ಕ್ಯಾಂಟೀನಿಗೆ ಜೂನ್‌ಗೆ ಮೊದಲೇ ಹತ್ತು ದಿನದ ಅಕ್ಕಿ, ಬೇಳೆ, ಎಣ್ಣೆ ಇಡಬಹುದು. ತರಕಾರಿ ಘಟ್ಟದ ಮೇಲಿನ ಸಂತೆಗಳಿಂದಲೇ ಬರಲಿ.’

ಕೊನೆಯ ಎರಡು ವಾಕ್ಯಗಳನ್ನು ಗಮನಿಸಿ. ಹಳೆಯ ಅನುಭವ ಅವರ ಕಾರ್ಖಾನೆಯ ಒಳಗೆ ಬಂದು ನಿಂತಿದ್ದು ಅಲ್ಲಿ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಬರೀ ಸೇನೆಯ ಕಥೆ.

ಇಲ್ಲೊಂದು ಎಚ್ಚರಿಕೆ. ಅಂಕಿ ಬೇಕು ಎಂದು ಘಟಕದ ಹೆಸರು, ಇದ್ದ ಜಾಗ, ನಿಖರ ಸಂಖ್ಯಾಬಲ ಬರೆಯಬೇಡಿ. ಅಧಿಕೃತ ರಹಸ್ಯ ಕಾಯ್ದೆ ನಿವೃತ್ತಿಯ ನಂತರವೂ ಅನ್ವಯಿಸುತ್ತದೆ. ‘ಕೆಲವು ನೂರು ಜನ’ ಎಂದರೆ ಸಾಕು. ವಾಟ್ಸ್ಯಾಪ್‌ನಲ್ಲಿ ಓಡಾಡುವ ಸಿದ್ಧ ಮಾದರಿಗಳನ್ನು ಮುಟ್ಟಲೇಬೇಡಿ. ‘ಲೀಡರ್‌ಶಿಪ್’, ‘ಡಿಸಿಪ್ಲಿನ್’ ತುಂಬಿದ ಒಂದೇ ಪತ್ರ ಮೂವರ ಹೆಸರಲ್ಲಿ ನನ್ನ ಮೇಜಿಗೆ ಬಂದದ್ದಿದೆ. ಹಣ ಕೊಟ್ಟು ಬರೆಸಿದ್ದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಗೊತ್ತಿಲ್ಲದ್ದನ್ನು ಒಂದು ಸಾಲಿನಲ್ಲಿ ಒಪ್ಪಿಕೊಳ್ಳಿ. ಗುತ್ತಿಗೆ ಕಾರ್ಮಿಕರ ಪಿಎಫ್, ಇಎಸ್‌ಐ ಕಾಗದಪತ್ರ ಸೇನೆಯಲ್ಲಿ ಹೆಚ್ಚಿನವರ ಕೈಗೆ ಬಂದಿರುವುದಿಲ್ಲ. ನಮ್ಮ ಕರ್ನಲ್ ಸಾಹೇಬರು, ‘ಇದನ್ನು ನಾನು ನೇರವಾಗಿ ನಿಭಾಯಿಸಿಲ್ಲ, ಈಗ ಓದುತ್ತಿದ್ದೇನೆ’ ಎಂದೇ ಬರೆದರು.

ಪದವಿ ಸಹಿಯಲ್ಲಿ ಮಾತ್ರ ಇರಲಿ. ‘ನಿವೃತ್ತ’ ಎಂಬುದು ಹೆಸರಿನ ನಂತರ, ಆವರಣದಲ್ಲಿ. ವಿಷಯದ ಸಾಲಿನಲ್ಲಿ ಹುದ್ದೆ ಮತ್ತು ಸಂದರ್ಶನದ ದಿನಾಂಕ ಸಾಕು. ಸಂದರ್ಶನವಾಗಿ ಇಪ್ಪತ್ತನಾಲ್ಕು ಗಂಟೆಯೊಳಗೆ ಕಳಿಸಿ.

ಉತ್ತರ ಬರದಿದ್ದರೆ ಎಂಟು ದಿನ ಬಿಟ್ಟು ಅದೇ ಮೇಲ್‌ಗೆ ಮೂರು ಸಾಲಿನ ಜ್ಞಾಪನೆ. ಸೋಮವಾರ ಬೇಡ, ಎಚ್‌ಆರ್‌ನವರಿಗೆ ಅಂದು ಉಸಿರಾಡಲು ಪುರುಸೊತ್ತಿರುವುದಿಲ್ಲ. ಆಮೇಲೆ ಒಂದು ಫೋನ್, ಅಷ್ಟೇ. ಪರಿಚಯದ ದೊಡ್ಡವರಿಂದ ಹೇಳಿಸಬೇಡಿ.

ಕರ್ನಲ್ ಸಾಹೇಬರಿಗೆ ಜ್ಞಾಪನೆ ಕಳಿಸುವ ಮೊದಲೇ ಕರೆ ಬಂತು. ಆ ಕಡೆಯವರು ಮೊದಲು ಕೇಳಿದ್ದು ಹಿಟ್ಟಿನ ಚೀಲಗಳನ್ನೇ: ‘ಆ ನಷ್ಟವನ್ನು ಲೆಕ್ಕದಲ್ಲಿ ಹೇಗೆ ತೋರಿಸಿದಿರಿ?’