ಟಿಡಿಎಸ್ ಕಳೆದು ದುಡ್ಡು ಬಂತು, ಫಾರ್ಮ್ 16ಎ ಬರಲಿಲ್ಲ: ಕೇಳುವುದು ಹೇಗೆ?

ಅನುವಾದಕರೊಬ್ಬರು ಒಂದು ಕಂಪನಿಗೆ 2025ರ ಡಿಸೆಂಬರ್ 20ರಂದು 80,000 ರೂಪಾಯಿಯ ಬಿಲ್ ಕಳಿಸಿದರು ಎಂದುಕೊಳ್ಳಿ. ಫೆಬ್ರುವರಿ 10ಕ್ಕೆ ಖಾತೆಗೆ ಬಿದ್ದದ್ದು 72,000. ಉಳಿದ 8,000, ಅಂದರೆ ಶೇ 10, ವೃತ್ತಿಪರ ಶುಲ್ಕದ ಮೇಲಿನ ಟಿಡಿಎಸ್. ಈ 8,000 ಅನುವಾದಕರದೇ ದುಡ್ಡು, ಅವರ ಹೆಸರಿನಲ್ಲಿ ಸರ್ಕಾರಕ್ಕೆ ಸೇರಬೇಕಾದದ್ದು. ಸೇರಿದೆ ಎನ್ನುವುದಕ್ಕೆ ಕಂಪನಿ ಕೊಡಬೇಕಾದ ಪ್ರಮಾಣಪತ್ರವೇ ಫಾರ್ಮ್ 16ಎ.

ಕೇಳುವ ಮೊದಲು ನಿಮ್ಮ ಪ್ಯಾನ್ ಲೆಕ್ಕಕ್ಕೆ ಸೇರಿದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್ ನೋಡಿಕೊಳ್ಳಿ. ಏನನ್ನು ಕೇಳಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ. incometax.gov.in ತಾಣದಲ್ಲಿ ಲಾಗಿನ್ ಆಗಿ e-File ಮೆನುವಿನ Income Tax Returns ಅಡಿಯಲ್ಲಿ View Form 26AS ಒತ್ತಿದರೆ ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ತಾಣವಾದ ಟ್ರೇಸಸ್ ತೆರೆಯುತ್ತದೆ. ಅಲ್ಲಿ ಕೇಳುವುದು ಹಣಕಾಸು ವರ್ಷವಲ್ಲ, ಅಸೆಸ್‌ಮೆಂಟ್ ವರ್ಷ. 2025–26ರ ದುಡ್ಡಿಗೆ 2026-27 ಆರಿಸಬೇಕು. ಇಲ್ಲಿ ತಪ್ಪಿ ಹಿಂದಿನ ವರ್ಷ ತೆರೆದು, ‘ಟಿಡಿಎಸ್ ಕಟ್ಟೇ ಇಲ್ಲ’ ಎಂದು ಜಗಳಕ್ಕೆ ಹೋಗುವುದು ಸುಲಭ.

ಇನ್ನೊಂದು ಗೊಂದಲ ದಿನಾಂಕದ್ದು. ಟಿಡಿಎಸ್ ಕಡಿತವಾಗುವುದು ಲೆಕ್ಕಕ್ಕೆ ಜಮೆ ಮಾಡಿದ ದಿನ ಅಥವಾ ಪಾವತಿಯ ದಿನ, ಯಾವುದು ಮೊದಲೋ ಆಗ. ಕಂಪನಿ ಡಿಸೆಂಬರ್‌ನಲ್ಲೇ ಬಿಲ್ಲನ್ನು ಪುಸ್ತಕಕ್ಕೆ ಏರಿಸಿದ್ದರೆ, ದುಡ್ಡು ಫೆಬ್ರುವರಿಯಲ್ಲಿ ಬಂದರೂ ನಮೂದು ಸಿಗುವುದು ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ. ಮಾರ್ಚ್ ಬಿಲ್ಲಿಗೆ ಏಪ್ರಿಲ್‌ನಲ್ಲಿ ದುಡ್ಡು ಬಂದಾಗ ನಮೂದು ಹಿಂದಿನ ಹಣಕಾಸು ವರ್ಷದಲ್ಲೇ ಕೂತಿರಬಹುದು. ಎರಡೂ ಕಡೆ ಹುಡುಕಿ.

ಹುಡುಕಿದ ಮೇಲೆ ವಿಷಯ ಮೂರರಲ್ಲಿ ಒಂದಾಗುತ್ತದೆ. ಕಂಪನಿಯ ಹೆಸರು, ತೆರಿಗೆ ಕಡಿತಕ್ಕೆಂದು ಅದು ಪಡೆದ ಸಂಖ್ಯೆಯಾದ ಟ್ಯಾನ್, 80,000 ಮತ್ತು 8,000 ಎಲ್ಲ ಸರಿಯಾಗಿದ್ದು, ಪಕ್ಕದ ಸ್ಥಿತಿ ಕಾಲಮ್ಮಿನಲ್ಲಿ F ಇದ್ದರೆ ತೆರಿಗೆ ತಲುಪಿದೆ, ಪ್ರಮಾಣಪತ್ರ ಮಾತ್ರ ಕೇಳಿದರಾಯಿತು. F ಬದಲು U ಇದ್ದರೆ ಕಂಪನಿ ಸಲ್ಲಿಸಿದ ವಿವರಕ್ಕೂ ಕಟ್ಟಿದ ಚಲನ್‌ಗೂ ತಾಳೆಯಾಗಿಲ್ಲ. ಅದನ್ನು ಅವರೇ ಸರಿಪಡಿಸಬೇಕು. ನಮೂದೇ ಇಲ್ಲದಿದ್ದರೆ ಗಡುವು ನೋಡಿ: ಕಂಪನಿಯು ಡಿಸೆಂಬರ್ ತ್ರೈಮಾಸಿಕದ ಟಿಡಿಎಸ್ ವಿವರವಾದ 26ಕ್ಯೂ ಸಲ್ಲಿಸಲು ಜನವರಿ 31ರವರೆಗೆ, 16ಎ ಕೊಡಲು ಫೆಬ್ರುವರಿ 15ರವರೆಗೆ ಸಮಯವಿತ್ತು. ಜನವರಿ–ಮಾರ್ಚ್‌ನದಕ್ಕೆ ಮೇ 31 ಮತ್ತು ಜೂನ್ 15. ಅದಕ್ಕೆ ಮೊದಲೇ ಒತ್ತಾಯಿಸಿ ಪ್ರಯೋಜನವಿಲ್ಲ, ವಿವರ ಸಲ್ಲಿಕೆಯಾಗದೆ ಪ್ರಮಾಣಪತ್ರ ಹುಟ್ಟುವುದೇ ಇಲ್ಲ. ಗಡುವು ದಾಟಿಯೂ ಕಾಣದಿದ್ದರೆ ಮೊದಲ ಅನುಮಾನ ಪ್ಯಾನ್ ಮೇಲಿರಲಿ. ಒಂದು ಅಕ್ಷರ ತಪ್ಪಿದರೂ ನಿಮ್ಮ 8,000 ಬೇರೆ ಯಾರದೋ ಲೆಕ್ಕದಲ್ಲಿ ಕೂರಬಹುದು.

ಪತ್ರವನ್ನು ಕೆಲಸ ಕೊಟ್ಟ ಮ್ಯಾನೇಜರ್‌ಗೆ ಬರೆದರೆ ಅಲ್ಲೇ ಉಳಿಯುತ್ತದೆ. ಅಕೌಂಟ್ಸ್ ವಿಭಾಗಕ್ಕೆ ಬರೆದು, ಮ್ಯಾನೇಜರ್‌ಗೆ ಪ್ರತಿ ಹಾಕಿ. ಅಲ್ಲಿ ಕೂತವರು ನಿಮ್ಮ ಹೆಸರಿನಿಂದ ಹುಡುಕುವುದಿಲ್ಲ, ಬಿಲ್ ಸಂಖ್ಯೆ, ಪ್ಯಾನ್ ಮತ್ತು ಮೊತ್ತದಿಂದ ಹುಡುಕುತ್ತಾರೆ. ಹೀಗೆ ಬರೆಯಬಹುದು:

‘ಮಾನ್ಯರೇ, ಬಿಲ್ ಸಂಖ್ಯೆ 14, ದಿನಾಂಕ 20-12-2025, ಮೊತ್ತ ರೂ. 80,000. ದಿನಾಂಕ 10-02-2026ರಂದು ರೂ. 72,000 ನನ್ನ ಖಾತೆಗೆ ಜಮೆಯಾಗಿದೆ. ಕಡಿತವಾದ ಟಿಡಿಎಸ್ ರೂ. 8,000ದ ನಮೂದು ನನ್ನ 26ಎಎಸ್‌ನಲ್ಲಿ ಇಂದಿನವರೆಗೆ ಕಾಣುತ್ತಿಲ್ಲ. ನನ್ನ ಪ್ಯಾನ್ ಪ್ರತಿಯನ್ನು ಲಗತ್ತಿಸಿದ್ದೇನೆ. ವಿವರ ಸಲ್ಲಿಸುವಾಗ ಯಾವ ಪ್ಯಾನ್ ನಮೂದಿಸಿದ್ದೀರಿ, ಯಾವ ತ್ರೈಮಾಸಿಕದಲ್ಲಿ ತೋರಿಸಿದ್ದೀರಿ ಎಂದು ದಯವಿಟ್ಟು ತಿಳಿಸಿ. ತಪ್ಪಿದ್ದರೆ ತಿದ್ದುಪಡಿ ವಿವರ ಸಲ್ಲಿಸಿ, ನಂತರ ಫಾರ್ಮ್ 16ಎ ಕಳಿಸಿಕೊಡಿ.’

ನಮೂದು ಸರಿಯಿದ್ದರೆ ಕೊನೆಯ ನಾಲ್ಕು ವಾಕ್ಯಗಳು ಬೇಡ, ತ್ರೈಮಾಸಿಕ ಹೇಳಿ 16ಎ ಕೇಳಿದರೆ ಸಾಕು. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಟಿಡಿಎಸ್ ಲೆಕ್ಕ ಶುಲ್ಕದ ಮೇಲೆ ಮಾತ್ರ. ಕಡಿತ ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನೂ ಇದೇ ಪತ್ರದಲ್ಲಿ ಕೇಳಿಬಿಡಿ.

ಬಂದ ಪತ್ರವನ್ನು ತೆರೆದು ನೋಡದೆ ಫೋಲ್ಡರಿಗೆ ಹಾಕಬೇಡಿ. ಲೆಟರ್‌ಹೆಡ್ಡಿನಲ್ಲಿ ‘ಟಿಡಿಎಸ್ ಕಡಿತ ಮಾಡಿದ್ದೇವೆ’ ಎಂದು ಟೈಪ್ ಮಾಡಿದ್ದು 16ಎ ಅಲ್ಲ. ಅದು ಟ್ರೇಸಸ್‌ನಿಂದ ಇಳಿಸಿದ್ದಾಗಿರಬೇಕು, ಮೇಲ್ಭಾಗದಲ್ಲಿ ಪ್ರಮಾಣಪತ್ರ ಸಂಖ್ಯೆ ಇರಬೇಕು, ಮೊತ್ತ 26ಎಎಸ್‌ಗೆ ಹೊಂದಬೇಕು.

ಎರಡು ನೆನಪೋಲೆಗೂ ಉತ್ತರ ಬಾರದಿದ್ದರೆ ಕಾನೂನಿನ ಮಾತು ತರಬಹುದು. 2025–26ಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 272ಎ ಪ್ರಕಾರ ಪ್ರಮಾಣಪತ್ರ ಕೊಡದ ಪ್ರತಿ ದಿನಕ್ಕೆ 500 ರೂಪಾಯಿ ದಂಡವಿದೆ, ಅದು ಟಿಡಿಎಸ್ ಮೊತ್ತವನ್ನು ಮೀರುವಂತಿಲ್ಲ. ಮುಂದೆಯೂ ಕೆಲಸ ಬೇಕಾದ ಕಡೆ ಇದನ್ನು ಮೂರನೇ ಪತ್ರಕ್ಕೆ ಇಟ್ಟುಕೊಳ್ಳುವುದು ಜಾಣತನ. ಅಷ್ಟರಲ್ಲಿ ರಿಟರ್ನ್ ಸಲ್ಲಿಸುವ ದಿನ ಬಂದರೆ ಆದಾಯವನ್ನು 72,000 ಎಂದಲ್ಲ, 80,000 ಎಂದೇ ತೋರಿಸಬೇಕು. 26ಎಎಸ್‌ನಲ್ಲಿ ಇಲ್ಲದ 8,000ವನ್ನು ಕ್ಲೇಮ್ ಮಾಡಿದರೆ ತಾಳೆಯಾಗದೆ ಬಾಕಿ ನೋಟಿಸ್ ಬರುವ ಸಂಭವ ಹೆಚ್ಚು. ಆದರೆ ಕಡಿತವಾದ ತೆರಿಗೆಯನ್ನು ನಿಮ್ಮಿಂದಲೇ ಮತ್ತೆ ವಸೂಲಿ ಮಾಡುವಂತಿಲ್ಲ ಎಂದು ಅದೇ ಕಾಯ್ದೆಯ ಸೆಕ್ಷನ್ 205 ಹೇಳುತ್ತದೆ. ಆಗ ಕಡಿತವಾಗಿದೆ ಎಂದು ತೋರಿಸಲು ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, 72,000 ಕಳಿಸಿದಾಗ ಕಂಪನಿ ಕೊಟ್ಟ ಪಾವತಿ ವಿವರ ಮತ್ತು ನೀವು ಬರೆದ ಇಮೇಲ್‌ಗಳು ಬೇಕಾಗುತ್ತವೆ.