ಗ್ರಾಹಕರು ಬೇರೆ ಬ್ರ್ಯಾಂಡಿಗೆ ಹೋದದ್ದು ಯಾಕೆ? ಸಂದರ್ಶನದಿಂದ ತಿಳಿಯುವ ಬಗೆ

ದೋಸೆ ಹಿಟ್ಟು ಮಾರುವ ಒಂದು ಸಣ್ಣ ಕಂಪನಿ ಇದೆ ಎಂದುಕೊಳ್ಳಿ. ಒಂದು ಕೆಜಿ ಪ್ಯಾಕೆಟ್ ಚೆನ್ನಾಗಿಯೇ ಹೋಗುತ್ತಿತ್ತು. ಈಚೆಗೆ ಹಳೇ ಗಿರಾಕಿಗಳು ಪಕ್ಕದಲ್ಲೇ ಇಟ್ಟಿರುವ ಬೇರೆ ಕಂಪನಿಯ ಹಿಟ್ಟು ಎತ್ತಿಕೊಳ್ಳುತ್ತಿದ್ದಾರೆ. ಫಾರ್ಮ್ ಕೊಟ್ಟು ಕಾರಣ ಕೇಳಿದರೆ ‘ರುಚಿ’, ‘ರೇಟು’ ಎಂದು ಗುರುತು ಹಾಕಿ ಕೊಡುತ್ತಾರೆ. ಆದರೆ ಆ ಇನ್ನೊಂದು ಹಿಟ್ಟಿನ ಬೆಲೆ ಕೆಜಿ ಲೆಕ್ಕದಲ್ಲಿ ಹೆಚ್ಚೇ ಇದೆ. ಅಲ್ಲಿಗೆ ಫಾರ್ಮಿನ ಉತ್ತರ ಕೈಕೊಟ್ಟಿತು.

ಇಂಥ ಕಡೆ ನೆರವಾಗುವುದು ‘ಜಾಬ್ಸ್ ಟು ಬಿ ಡನ್’ ವಿಧಾನ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಕ್ಲೇಟನ್ ಕ್ರಿಸ್ಟೆನ್ಸನ್ ಇದನ್ನು ಜನಪ್ರಿಯಗೊಳಿಸಿದರು. ಅವರ ಜೊತೆ ಕೆಲಸ ಮಾಡಿದ ಬಾಬ್ ಮೊಯೆಸ್ಟಾ ಇದಕ್ಕೊಂದು ಸಂದರ್ಶನದ ಕ್ರಮ ರೂಪಿಸಿದರು. ಮೂಲ ಮಾತು ಇಷ್ಟು: ಜನ ತಮ್ಮ ಬದುಕಿನಲ್ಲಿ ಆಗಬೇಕಾದ ಯಾವುದೋ ಒಂದು ಕೆಲಸಕ್ಕಾಗಿ ವಸ್ತುವನ್ನು ಕೊಳ್ಳುತ್ತಾರೆ, ಆ ಕೆಲಸ ಸರಿಯಾಗಿ ಆಗದಿದ್ದಾಗ ಬೇರೆಯದನ್ನು ಹುಡುಕುತ್ತಾರೆ. ಆ ಕೆಲಸ ಯಾವುದು ಎಂದು ಪತ್ತೆ ಮಾಡುವುದೇ ವಿಶ್ಲೇಷಣೆ.

ಯಾರನ್ನು ಮಾತಾಡಿಸಬೇಕು

ಈಗಾಗಲೇ ಬದಲಾಯಿಸಿದವರನ್ನು ಮಾತ್ರ. ‘ಬದಲಾಯಿಸಬಹುದೇನೋ’ ಎನ್ನುವವರು ಊಹೆ ಹೇಳುತ್ತಾರೆ. ಕಾಸು ಕೊಟ್ಟು ಕೊಂಡವರ ಬಳಿ ನಡೆದ ಸಂಗತಿ ಇರುತ್ತದೆ. ಬದಲಾಯಿಸಿ ಮೂರು ತಿಂಗಳು ದಾಟಿರಬಾರದು. ಹಿಟ್ಟಿನಂಥ ದಿನಬಳಕೆಯ ಸಾಮಾನಾದರೆ ಒಂದು ತಿಂಗಳೊಳಗಿನವರೇ ಒಳ್ಳೆಯದು, ಯಾಕೆಂದರೆ ಸಣ್ಣ ಖರೀದಿಯ ನೆನಪು ಬೇಗ ಅಳಿಸಿಹೋಗುತ್ತದೆ. ನಿಮ್ಮನ್ನು ಬಿಟ್ಟು ಹೋದ ಏಳೆಂಟು ಮಂದಿ, ಬೇರೆ ಕಂಪನಿಯನ್ನು ಬಿಟ್ಟು ನಿಮ್ಮ ಕಡೆ ಬಂದ ಮೂರ್ನಾಲ್ಕು ಮಂದಿ ಸಿಕ್ಕರೆ ಶುರು ಮಾಡಲು ಸಾಕು. ಬಂದವರನ್ನು ಕೇಳುವುದನ್ನು ಹೆಚ್ಚಿನವರು ಮರೆಯುತ್ತಾರೆ. ನಿಮ್ಮ ಹಿಟ್ಟು ಯಾರಿಗೆ, ಯಾವುದಕ್ಕೆ ಒಗ್ಗುತ್ತದೆ ಎಂಬುದು ತಿಳಿಯುವುದು ಅವರಿಂದಲೇ.

ಒಬ್ಬೊಬ್ಬರಿಗೂ 45 ನಿಮಿಷದಿಂದ ಒಂದು ಗಂಟೆ ಬೇಕು. ಇಬ್ಬರು ಹೋಗಿ; ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಯಾವ ಕಂಪನಿಯ ಪರವಾಗಿ ಬಂದಿದ್ದೀರಿ ಎಂಬುದನ್ನು ಮಾತು ಮುಗಿದ ಮೇಲೆ ಹೇಳುವುದು ಮೇಲು. ಮೊದಲೇ ಹೇಳಿದರೆ ನಮ್ಮ ಜನ ಮುಲಾಜಿಗೆ ಬೀಳುತ್ತಾರೆ, ‘ನಿಮ್ಮದೂ ಚೆನ್ನಾಗೇ ಇತ್ತು’ ಎಂದುಬಿಡುತ್ತಾರೆ.

ಕೇಳುವ ಬಗೆ

‘ಯಾಕೆ ಬದಲಾಯಿಸಿದಿರಿ?’ ಎಂದು ನೇರವಾಗಿ ಕೇಳಬೇಡಿ. ಹಾಗೆ ಕೇಳಿದರೆ ಎದುರಿನವರು ಒಪ್ಪುವಂಥ ಒಂದು ಕಾರಣವನ್ನು ಆ ಗಳಿಗೆಯಲ್ಲೇ ಕಟ್ಟಿ ಹೇಳುತ್ತಾರೆ, ಅದೂ ಸುಳ್ಳು ಹೇಳುವ ಉದ್ದೇಶವೇ ಇಲ್ಲದೆ. ಬದಲಿಗೆ ಕೊಂಡ ದಿನದಿಂದ ಹಿಂದಕ್ಕೆ ನಡೆಸಿಕೊಂಡು ಹೋಗಿ. ಎಲ್ಲಿ, ಯಾವ ಹೊತ್ತು, ಜೊತೆಗೆ ಯಾರಿದ್ದರು, ಕೈಯಲ್ಲಿ ಇನ್ನೇನಿತ್ತು ಎಂಬ ಚಿಕ್ಕ ವಿವರಗಳಿಂದ ನೆನಪು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಮಾತು ಹೀಗೆ ಸಾಗಬಹುದು:

“ಆ ಹೊಸ ಪ್ಯಾಕೆಟ್ ಮೊದಲ ಸಲ ತಗೊಂಡಿದ್ದು ಯಾವತ್ತು ಮೇಡಂ?”
“ಬುಧವಾರ ಸಾಯಂಕಾಲ, ಆಫೀಸಿಂದ ಬರ್ತಾ.”
“ಆವತ್ತು ಫ್ರಿಜ್ಜಲ್ಲಿ ಹಳೇ ಹಿಟ್ಟು ಮುಗಿದಿತ್ತಾ?”
“ಇಲ್ಲ, ಅರ್ಧ ಹಾಗೇ ಇತ್ತು.”
“ಅರ್ಧ ಇದ್ರೂ ಹೊಸದು ತಂದ್ರಿ?”
“ಹಿಂದಿನ ದಿನ ಮಗಳ ಡಬ್ಬಿ ಹಾಗೇ ವಾಪಸ್ ಬಂದಿತ್ತು. ಹುಳಿ ಅಂದ್ಲು. ಬೆಳಿಗ್ಗೆ ಏಳೂವರೆಗೆ ವ್ಯಾನ್ ಬರುತ್ತೆ, ಆಗ ಬೇರೆ ಏನು ಮಾಡೋಕಾಗುತ್ತೆ?”

ಇಡೀ ಸಂದರ್ಶನದ ಬೀಗದ ಕೈ ಇರುವುದು ಮೂರನೇ ಪ್ರಶ್ನೆಯಲ್ಲಿ. ಮನೆಯಲ್ಲಿ ಹಿಟ್ಟಿದ್ದೂ ಹಿಟ್ಟು ಕೊಂಡಿದ್ದಾರೆ ಎಂದರೆ ಹಳೆಯದು ಆಗಲೇ ಸೋತಿತ್ತು. ಹೀಗೆ ಲೆಕ್ಕಕ್ಕೆ ಹೊಂದದ ವಿವರ ಸಿಕ್ಕಲ್ಲಿ ನಿಂತು, ಸಮಾಧಾನವಾಗಿ ಕೆದಕಿ. ‘ರುಚಿ ಚೆನ್ನಾಗಿಲ್ಲ’ ಎಂದರೆ ಯಾವ ದಿನದ ರುಚಿ, ಯಾರ ನಾಲಿಗೆಗೆ, ತಿಂದವರು ಏನೆಂದರು ಎಂದು ಕೇಳಿ. ‘ಅರ್ಧ ಕೆಜಿ ಪ್ಯಾಕೆಟ್ ತಂದರೆ ಕೊಳ್ತೀರಾ?’ ಎಂಬ ಪ್ರಶ್ನೆ ಮಾತ್ರ ಬೇಡ. ಅದಕ್ಕೆ ಹೂಂ ಎನ್ನಲು ಯಾರಿಗೂ ಖರ್ಚಿಲ್ಲ.

ನಾಲ್ಕು ಬಲಗಳು

ಅದೇ ದಿನ ರೆಕಾರ್ಡಿಂಗ್ ಕೇಳಿ, ಒಂದು ಹಾಳೆಯಲ್ಲಿ ಗೆರೆ ಎಳೆದು ಘಟನೆಗಳನ್ನು ಕಾಲಕ್ರಮದಲ್ಲಿ ಬರೆಯಿರಿ: ಬದಲಾಯಿಸಬೇಕೆಂಬ ಮೊದಲ ಯೋಚನೆ, ಸುಮ್ಮನೆ ಗಮನಿಸಿದ ಕಾಲ, ನಿಜವಾಗಿ ಹುಡುಕತೊಡಗಿದ ಗಳಿಗೆ, ತೀರ್ಮಾನ, ಕೊಂಡ ಮೇಲಿನ ಬಳಕೆ. ಈ ತಾಯಿಗೆ ಮೊದಲ ಯೋಚನೆ ಬಂದದ್ದು ಬೇಸಿಗೆಯಲ್ಲಿ ಪ್ಯಾಕೆಟ್ ಉಬ್ಬಿದಾಗ. ಆಗ ಏನೂ ಮಾಡಲಿಲ್ಲ. ವಾಪಸ್ ಬಂದ ಡಬ್ಬಿ ಅವರನ್ನು ಅಂಗಡಿಗೆ ಓಡಿಸಿತು.

ನಂತರ ಅವರ ಮಾತುಗಳನ್ನು ಬಲಕ್ಕೊಂದರಂತೆ ನಾಲ್ಕು ಚೌಕಗಳಲ್ಲಿ ಹಂಚಿ. ಹಳೆಯದರಿಂದ ದೂಡಿದ್ದು: ಮೂರನೇ ದಿನಕ್ಕೆ ಹುಳಿ. ಹೊಸದರ ಕಡೆ ಎಳೆದದ್ದು: ಅರ್ಧ ಕೆಜಿ ಪ್ಯಾಕೆಟ್, ಮೇಲೆ ದಪ್ಪಕ್ಷರದಲ್ಲಿ ರುಬ್ಬಿದ ದಿನ. ತಡೆದ ಅಳುಕು: ಇಡ್ಲಿ ಗಟ್ಟಿಯಾದರೆ ಮನೆಯಲ್ಲಿ ಏನಂದಾರು? ಹಿಡಿದಿಟ್ಟ ರೂಢಿ: ಅಂಗಡಿಯವರು ಕೇಳದೆಯೇ ಹಳೇ ಪ್ಯಾಕೆಟ್ ಎತ್ತಿ ಕೊಡುತ್ತಿದ್ದರು. ಮೊದಲೆರಡು ಸೇರಿ ಕೊನೆಯೆರಡಕ್ಕಿಂತ ಬಲವಾದಾಗಷ್ಟೇ ಕೈ ಬೇರೆ ಪ್ಯಾಕೆಟ್ಟಿಗೆ ಹೋಗುತ್ತದೆ. ಇಲ್ಲಿ ಅರ್ಧ ಕೆಜಿ ಪ್ಯಾಕೆಟ್ ಎರಡು ಕೆಲಸ ಮಾಡಿತು: ಎಳೆಯಿತು, ಜೊತೆಗೆ ‘ಸರಿಹೋಗದಿದ್ದರೆ ಹೋಗೋದು ಅರ್ಧ ಕೆಜಿ ತಾನೇ’ ಎನಿಸಿ ಅಳುಕನ್ನೂ ಕರಗಿಸಿತು. ದೂಡಿದ್ದರ ಚೌಕ ಖಾಲಿ ಉಳಿದರೆ ನಿಮ್ಮ ಸಂದರ್ಶನ ಅರ್ಧಕ್ಕೇ ನಿಂತಿದೆ ಎಂದೇ ತಿಳಿಯಿರಿ. ಹೊಸದನ್ನು ಹೊಗಳುವುದು ಸುಲಭ, ಹಳೆಯದರ ಬೇಸರ ಹೊರಬರಲು ಹೊತ್ತು ಹಿಡಿಯುತ್ತದೆ.

ಕೆಲಸವನ್ನು ಬರೆಯುವುದು

ಎಲ್ಲ ಹಾಳೆಗಳನ್ನೂ ಮೇಜಿನ ಮೇಲೆ ಹರಡಿ, ಒಂದೇ ಬಗೆಯ ಬಲಗಳು ಕಾಣುವವನ್ನು ಗುಂಪು ಮಾಡಿ. ವಯಸ್ಸು, ಸಂಬಳ, ಬಡಾವಣೆ ನೋಡಿ ಗುಂಪು ಮಾಡಬೇಡಿ. ಪ್ರತಿ ಗುಂಪಿಗೂ ಒಂದು ವಾಕ್ಯ ಬರೆಯಿರಿ: ಯಾವ ಸನ್ನಿವೇಶದಲ್ಲಿ, ಏನು ಆಗಬೇಕು, ಅದು ಆದಾಗ ಏನು ಸಿಗುತ್ತದೆ. ‘ವಾರದ ನಡುವೆ ಬೆಳಿಗ್ಗೆ ಹೊತ್ತಿಲ್ಲದಾಗ, ಮಗು ತಿಂದು ಮುಗಿಸುವ ಡಬ್ಬಿ ಕಟ್ಟಬೇಕು, ಹಸಿದು ಬಂತಲ್ಲ ಎಂಬ ಸಂಕಟ ಇರಬಾರದು.’ ಈ ವಾಕ್ಯದಲ್ಲಿ ಹಿಟ್ಟಿನ ಹೆಸರೇ ಇಲ್ಲ. ಇರಲೂಬಾರದು. ಇದೇ ಕೆಲಸಕ್ಕೆ ಬ್ರೆಡ್ಡು, ಚಿತ್ರಾನ್ನ, ಶಾಲೆಯ ಕ್ಯಾಂಟೀನು ಕೂಡ ಪೈಪೋಟಿಯಲ್ಲಿವೆ ಎಂಬುದು ಆಗ ಕಾಣುತ್ತದೆ.

ಇದೇ ಹಿಟ್ಟು ಬಿಟ್ಟ ಇನ್ನೊಬ್ಬರ ಹಾಳೆ ತದ್ವಿರುದ್ಧವಾಗಿರಬಹುದು: ಭಾನುವಾರ ನೆಂಟರು ಬಂದಾಗ ಹಿಟ್ಟು ಹುದುಗು ಬಂದಿರಲಿಲ್ಲ, ಇಡ್ಲಿ ಕಲ್ಲಾಯಿತು. ಒಬ್ಬರಿಗೆ ಹುಳಿ ಹೆಚ್ಚು, ಒಬ್ಬರಿಗೆ ಕಡಿಮೆ. ಫಾರ್ಮಿನಲ್ಲಿ ಇಬ್ಬರೂ ‘ರುಚಿ’ ಎಂದೇ ಬರೆದಿರುತ್ತಾರೆ. ಎರಡರ ಸರಾಸರಿ ತೆಗೆದು ಹುಳಿ ಹೊಂದಿಸಹೊರಟರೆ ಇಬ್ಬರೂ ಕೈಬಿಡುತ್ತಾರೆ. ಯಾವ ಕೆಲಸಕ್ಕೆ ನಿಲ್ಲುತ್ತೀರಿ ಎಂದು ಆರಿಸಿಕೊಳ್ಳಬೇಕು, ಇಲ್ಲವೇ ಎರಡಕ್ಕೂ ಬೇರೆ ಬೇರೆ ಪ್ಯಾಕೆಟ್ ಮಾಡಬೇಕು.

ಹನ್ನೆರಡು ಮಂದಿಯ ಮಾತಿನಿಂದ ಕಾರಣದ ಸ್ವರೂಪ ತಿಳಿಯುತ್ತದೆಯೇ ಹೊರತು ಅದು ಎಷ್ಟು ಮಂದಿಯದು ಎಂಬುದಲ್ಲ. ಆದ್ದರಿಂದ ‘ಶೇ 60 ಗ್ರಾಹಕರು’ ಎಂಬ ಮಾತು ವರದಿಯಲ್ಲಿ ಬರೆಯಲೇಬೇಡಿ. ಮೂರ್ನಾಲ್ಕು ಅಂಗಡಿಗಳಲ್ಲಿ ರುಬ್ಬಿದ ದಿನ ಎದ್ದು ಕಾಣುವ ಅರ್ಧ ಕೆಜಿ ಪ್ಯಾಕೆಟ್ ಇಡಿ, ಅಷ್ಟೇ ವ್ಯಾಪಾರವಿರುವ ಬೇರೆ ಅಂಗಡಿಗಳಲ್ಲಿ ಹಳೆಯದನ್ನೇ ಮುಂದುವರಿಸಿ, ಆರು ವಾರ ದಿನವಾರು ಮಾರಾಟ ಬರೆದಿಡಿ. ಡಬ್ಬಿಯ ಕಾರಣ ನಿಜವಾಗಿದ್ದರೆ ಹೊಸ ಪ್ಯಾಕೆಟ್ ಮಂಗಳವಾರ, ಬುಧವಾರ ಸಂಜೆ ಹೆಚ್ಚು ಹೋಗಬೇಕು, ಶಾಲೆಗೆ ರಜೆ ಬಿದ್ದಾಗ ಇಳಿಯಬೇಕು. ಶನಿವಾರ ಮಾತ್ರ ಏರಿದರೆ ನೀವು ಬರೆದ ವಾಕ್ಯ ತಪ್ಪು. ಹಾಳೆಗಳನ್ನು ಮತ್ತೆ ಹರಡಿಕೊಂಡು, ಆ ಶನಿವಾರದ ಗಿರಾಕಿಗಳಲ್ಲಿ ನಾಲ್ಕು ಮಂದಿಯನ್ನು ಮಾತಾಡಿಸಿ.